ರೂಪಾಯಿ ಬಿದ್ದ ದಿನ ಐಟಿ ಶೇರು ಯಾಕೆ ಹಸಿರು?

2025ರ ಡಿಸೆಂಬರ್ ಮೊದಲ ವಾರದಲ್ಲಿ ಒಂದು ಡಾಲರ್ ಬೆಲೆ ಮೊದಲ ಸಲ 90 ರೂಪಾಯಿ ದಾಟಿತು. ಒಂದು ವರ್ಷದ ಹಿಂದೆ ಅದು 85ರ ಆಸುಪಾಸಿನಲ್ಲಿತ್ತು. ಇಂಥ ಸುದ್ದಿ ಬಂದಾಗ ಟೀವಿಯಲ್ಲಿ ‘ರೂಪಾಯಿ ಪಾತಾಳಕ್ಕೆ’ ಎಂಬ ಪಟ್ಟಿ ಓಡುತ್ತದೆ. ಆದರೆ ಮೊಬೈಲಿನಲ್ಲಿ ಶೇರು ಆ್ಯಪ್ ತೆರೆದರೆ ಬೇರೆಯದೇ ಚಿತ್ರ ಕಾಣುವುದುಂಟು. ಇನ್ಫೋಸಿಸ್, ಟಿಸಿಎಸ್, ವಿಪ್ರೊ ಹಸಿರಿನಲ್ಲಿರುತ್ತವೆ. ಪೆಟ್ರೋಲ್ ಮಾರುವ ಕಂಪನಿಗಳು, ವಿಮಾನ ಕಂಪನಿಗಳು ಕೆಂಪಿನಲ್ಲಿರುತ್ತವೆ.

ಮೈಸೂರಿನಲ್ಲಿ ಈ ಗೊಂದಲ ಸ್ವಲ್ಪ ಜಾಸ್ತಿಯೇ. ಊರಿನ ಬಹಳಷ್ಟು ಮನೆಗಳಲ್ಲಿ ಯಾರೋ ಒಬ್ಬರು ಐಟಿ ಕಂಪನಿಯಲ್ಲಿದ್ದಾರೆ, ಇಲ್ಲವೇ ಐಟಿ ಶೇರು ಇಟ್ಟುಕೊಂಡಿದ್ದಾರೆ. ದೇಶದ ಹಣದ ಬೆಲೆ ಇಳಿಯುವುದು ಕೆಟ್ಟ ಸುದ್ದಿ ಅಂತಾದರೆ ಇವರ ಶೇರು ಏರುವುದು ಹೇಗೆ? ‘ರಫ್ತಿಗೆ ಲಾಭ, ಆಮದಿಗೆ ನಷ್ಟ’ ಎಂಬ ಉತ್ತರ ಎಲ್ಲರಿಗೂ ಗೊತ್ತು. ಅದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಉಳಿದ ಅರ್ಧ ತಿಳಿಯದೆ ಅದನ್ನೇ ನಂಬಿ ಶೇರು ಕೊಂಡವರಿಗೆ 2025 ಒಳ್ಳೆಯ ಪೆಟ್ಟು ಕೊಟ್ಟಿದೆ. ರೂಪಾಯಿ ವರ್ಷಪೂರ್ತಿ ಸೊರಗಿತು, ದೊಡ್ಡ ಐಟಿ ಕಂಪನಿಗಳ ಶೇರು ಬೆಲೆ ಅಳೆಯುವ ನಿಫ್ಟಿ ಐಟಿ ಸೂಚ್ಯಂಕವೂ ವರ್ಷದ ಕೊನೆಗೆ ಕೆಳಗೇ ಇತ್ತು.

ಹೆಬ್ಬಾಳದ ಒಂದು ಕಂಪನಿಯ ಲೆಕ್ಕ

ಲೆಕ್ಕಕ್ಕಾಗಿ ಒಂದು ಕಂಪನಿಯನ್ನು ಊಹಿಸಿಕೊಳ್ಳೋಣ. ಕಚೇರಿ ಮೈಸೂರಿನ ಹೆಬ್ಬಾಳದಲ್ಲಿ, ಗ್ರಾಹಕರೆಲ್ಲ ಅಮೆರಿಕದಲ್ಲಿ. ವರ್ಷಕ್ಕೆ ಒಂದು ಕೋಟಿ ಡಾಲರ್ ಆದಾಯ. ಡಾಲರ್‌ಗೆ 85 ರೂಪಾಯಿ ಇದ್ದಾಗ ಇದು 85 ಕೋಟಿ ರೂಪಾಯಿ.

ಖರ್ಚು ಎರಡು ಬಗೆಯದು. ಅಮೆರಿಕದಲ್ಲೇ ಕೂತು ಕೆಲಸ ಮಾಡುವ ನೌಕರರ ಸಂಬಳ, ಅಲ್ಲಿನ ಬಾಡಿಗೆ, ಸಾಫ್ಟ್‌ವೇರ್ ಲೈಸೆನ್ಸ್ ಎಲ್ಲ ಸೇರಿ 40 ಲಕ್ಷ ಡಾಲರ್, ಅಂದರೆ 34 ಕೋಟಿ ರೂಪಾಯಿ. ಮೈಸೂರಿನ ನೌಕರರ ಸಂಬಳ, ಕರೆಂಟು, ಕಟ್ಟಡದ ಖರ್ಚು ಇನ್ನೊಂದು 34 ಕೋಟಿ. ಎರಡೂ ಕಳೆದರೆ ಉಳಿಯುವ ಲಾಭ 17 ಕೋಟಿ. ನೂರಕ್ಕೆ ಇಪ್ಪತ್ತು ರೂಪಾಯಿಯ ಮಾರ್ಜಿನ್.

ಈಗ ಡಾಲರ್ 90 ಆಯಿತು ಅನ್ನಿ. ಕಂಪನಿ ಹೊಸ ಗ್ರಾಹಕರನ್ನು ಹಿಡಿದಿಲ್ಲ, ಒಂದು ಸಾಲು ಕೋಡ್ ಜಾಸ್ತಿ ಬರೆದಿಲ್ಲ. ಆದರೂ ಆದಾಯ 90 ಕೋಟಿ ಆಗುತ್ತದೆ. ಅಮೆರಿಕದ ಖರ್ಚು 36 ಕೋಟಿಗೆ ಏರುತ್ತದೆ. ಮೈಸೂರಿನ ಖರ್ಚು ಮಾತ್ರ 34 ಕೋಟಿಯಲ್ಲೇ ನಿಂತಿದೆ, ಏಕೆಂದರೆ ಇಲ್ಲಿ ಸಂಬಳ ಕೊಡುವುದು ರೂಪಾಯಿಯಲ್ಲಿ. ಲಾಭ 20 ಕೋಟಿ.

ಡಾಲರ್ ಏರಿದ್ದು ಸುಮಾರು ಶೇ. 6, ಲಾಭ ಏರಿದ್ದು ಸುಮಾರು ಶೇ. 18. ಮೂರು ಪಟ್ಟು! ಆದಾಯದಲ್ಲಿ ಜಾಸ್ತಿಯಾದ 5 ಕೋಟಿಯಲ್ಲಿ 2 ಕೋಟಿ ಡಾಲರ್ ಖರ್ಚಿಗೆ ಹೋಗಿ ಉಳಿದ 3 ಕೋಟಿ ನೇರವಾಗಿ ಲಾಭಕ್ಕೆ ಬಂದು ಬೀಳುತ್ತದೆ. ಲಾಭವೇ ಚಿಕ್ಕ ಮೊತ್ತ ಆದ್ದರಿಂದ ಅದರ ಮೇಲೆ 3 ಕೋಟಿ ದೊಡ್ಡದಾಗಿ ಕಾಣುತ್ತದೆ.

ಹಾಗಾಗಿ ಕಂಪನಿ ಎಷ್ಟು ರಫ್ತು ಮಾಡುತ್ತದೆ ಅನ್ನುವುದಕ್ಕಿಂತ, ಡಾಲರ್ ಖರ್ಚು ಕಳೆದ ಮೇಲೆ ಕೈಯಲ್ಲಿ ಎಷ್ಟು ಡಾಲರ್ ಉಳಿಯುತ್ತದೆ ಅನ್ನುವುದು ಮುಖ್ಯ. ನಮ್ಮ ಕಂಪನಿಗೆ ಅದು 60 ಲಕ್ಷ ಡಾಲರ್. ಪ್ರತಿ ಡಾಲರ್ ಮೇಲೆ 5 ರೂಪಾಯಿ ಜಾಸ್ತಿ ಸಿಕ್ಕರೆ 3 ಕೋಟಿ. ಅಷ್ಟೇ ಲೆಕ್ಕ.

ಆಮದು ಮಾಡುವವರ ಲೆಕ್ಕ ಇನ್ನೂ ಬಿಗಿ

ಅದೇ ಹೆಬ್ಬಾಳದಲ್ಲಿ ಇನ್ನೊಂದು ಕಂಪನಿ ಇದೆ ಅಂದುಕೊಳ್ಳೋಣ. ಇದು ಹೊರದೇಶದಿಂದ ಎಲೆಕ್ಟ್ರಾನಿಕ್ ಚಿಪ್, ಬಿಡಿಭಾಗ ತರಿಸಿ, ಜೋಡಿಸಿ, ದೇಶದೊಳಗೇ ಮಾರುತ್ತದೆ. ವರ್ಷದ ಮಾರಾಟ 100 ಕೋಟಿ ರೂಪಾಯಿ. ಆಮದಿನ ಬಿಲ್ಲು 80 ಲಕ್ಷ ಡಾಲರ್, ಅಂದರೆ ಹಳೆಯ ದರದಲ್ಲಿ 68 ಕೋಟಿ. ಉಳಿದ ಖರ್ಚು 22 ಕೋಟಿ. ಲಾಭ 10 ಕೋಟಿ.

ಡಾಲರ್ 90 ಆದಾಗ ಅದೇ ಬಿಡಿಭಾಗಕ್ಕೆ 72 ಕೋಟಿ ಕೊಡಬೇಕು. ಲಾಭ 6 ಕೋಟಿಗೆ ಇಳಿಯುತ್ತದೆ. ನೂರಕ್ಕೆ ನಲವತ್ತು ಮಾಯ. ಸಾಫ್ಟ್‌ವೇರ್ ಕಂಪನಿಗೆ ಸಿಕ್ಕ ಲಾಭಕ್ಕಿಂತ ಇವರಿಗೆ ಬಿದ್ದ ಏಟು ಜೋರಾಗಿರುವುದಕ್ಕೆ ಕಾರಣ, ಇವರ ಮಾರ್ಜಿನ್ ಮೊದಲೇ ತೆಳ್ಳಗಿತ್ತು.

ಇವರು ಮಾರುವ ಬೆಲೆಯನ್ನು ಶೇ. 4ರಷ್ಟು ಏರಿಸಿದರೆ ಕಳೆದುಕೊಂಡ 4 ಕೋಟಿ ವಾಪಸು ಬರುತ್ತದೆ. ಹೇಳುವುದು ಸುಲಭ. ಪಕ್ಕದ ಕಂಪನಿ ಎಲ್ಲ ಮಾಲನ್ನೂ ಇಲ್ಲೇ ತಯಾರಿಸುತ್ತಿದ್ದರೆ ಅವರಿಗೆ ಬೆಲೆ ಏರಿಸುವ ಅಗತ್ಯವೇ ಇಲ್ಲ, ಗಿರಾಕಿ ಆ ಕಡೆ ಹೋಗುತ್ತಾರೆ. ಎಲ್ಲರೂ ಆಮದಿನ ಮೇಲೇ ನಿಂತಿದ್ದರೆ ಎಲ್ಲರೂ ಒಟ್ಟಿಗೆ ಏರಿಸಬಹುದು. ಕೆಲವು ಎಲೆಕ್ಟ್ರಾನಿಕ್ಸ್ ಕಂಪನಿಗಳು ಬಿಡಿಭಾಗದ ಡಾಲರ್ ಬೆಲೆ ಬದಲಾದರೆ ಅದನ್ನು ಗ್ರಾಹಕರೇ ಭರಿಸಬೇಕು ಅಂತ ಕರಾರಿನಲ್ಲೇ ಬರೆಸಿಕೊಂಡಿರುತ್ತವೆ. ಅಂಥ ಕಂಪನಿಯ ಶೇರು ಬೀಳುವುದಕ್ಕೆ ದೊಡ್ಡ ಕಾರಣವಿಲ್ಲ.

ಸರ್ಕಾರಿ ಪೆಟ್ರೋಲ್ ಕಂಪನಿಗಳದ್ದು ಮೂರನೆಯ ಬಗೆ. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಜಾಸ್ತಿ ಆಮದು. ಕಾಗದದ ಮೇಲೆ ಈ ಕಂಪನಿಗಳು ಬೆಲೆ ಏರಿಸಬಹುದು. ಆದರೆ ಬಂಕಿನ ದರ ತಿಂಗಳುಗಟ್ಟಲೆ ಅಲ್ಲಾಡದೇ ಇರುವುದನ್ನು ನಾವೆಲ್ಲ ನೋಡಿದ್ದೇವೆ. ಅಷ್ಟೂ ಹೊತ್ತು ರೂಪಾಯಿಯ ಭಾರ ಕಂಪನಿಯ ಮೇಲೇ ಇರುತ್ತದೆ. ರೂಪಾಯಿ ಕುಸಿದ ಕೂಡಲೇ ಇವುಗಳ ಶೇರು ಮಾರುವವರು ಲೆಕ್ಕ ಹಾಕುವುದು ಇದನ್ನೇ.

ಲಾಭ ಶೇ. 18 ಏರಿದರೆ ಶೇರೂ ಅಷ್ಟೇ ಏರಬೇಕಲ್ವಾ?

ಏರುವುದಿಲ್ಲ. ಶೇರಿನ ಬೆಲೆಯಲ್ಲಿ ಇರುವುದು ಈ ವರ್ಷದ ಲಾಭ ಮಾತ್ರವಲ್ಲ, ಮುಂದಿನ ಹಲವು ವರ್ಷಗಳ ಲಾಭದ ಅಂದಾಜು. ರೂಪಾಯಿಯಿಂದ ಬಂದ ಲಾಭದಲ್ಲಿ ಎಷ್ಟು ಕೊನೆಗೂ ಕಂಪನಿಯಲ್ಲೇ ಉಳಿಯುತ್ತದೆ ಅನ್ನುವುದು ಮಾರುಕಟ್ಟೆಯ ಪ್ರಶ್ನೆ. ಹೆಬ್ಬಾಳದ ಸಾಫ್ಟ್‌ವೇರ್ ಕಂಪನಿಯ ಆ 3 ಕೋಟಿಯನ್ನೇ ಹಿಂಬಾಲಿಸೋಣ.

ಮೊದಲ ಪಾಲು ಬ್ಯಾಂಕಿನ ಕರಾರಿನಲ್ಲಿ ಹೋಗುತ್ತದೆ. ರಫ್ತು ಕಂಪನಿಗಳು ಮುಂದೆ ಬರುವ ಡಾಲರನ್ನು ಇವತ್ತೇ ಒಂದು ದರಕ್ಕೆ ಬ್ಯಾಂಕಿಗೆ ಮಾರಿಟ್ಟಿರುತ್ತವೆ. ಇದಕ್ಕೆ ಫಾರ್ವರ್ಡ್ ಬುಕ್ ಮಾಡುವುದು ಅನ್ನುತ್ತಾರೆ. ರೂಪಾಯಿ ಏರಿಬಿಟ್ಟರೆ ನಷ್ಟ ಆಗದಿರಲಿ ಅಂತ ಈ ಏರ್ಪಾಡು. ನಮ್ಮ ಕಂಪನಿ ತನ್ನ 60 ಲಕ್ಷ ಡಾಲರಿನಲ್ಲಿ ಅರ್ಧವನ್ನು 86 ರೂಪಾಯಿಗೆ ಬುಕ್ ಮಾಡಿದೆ ಅನ್ನಿ. ಆ ಅರ್ಧಕ್ಕೆ ಸಿಗುವ ಹೆಚ್ಚುವರಿ ಒಂದೇ ರೂಪಾಯಿ, ಅಂದರೆ 30 ಲಕ್ಷ. ಉಳಿದ ಅರ್ಧಕ್ಕೆ 5 ರೂಪಾಯಿ, ಅಂದರೆ ಒಂದೂವರೆ ಕೋಟಿ. ಒಟ್ಟು 1.8 ಕೋಟಿ. 3 ಕೋಟಿ ಹೀಗೆ ಕರಗಿತು.

ಎರಡನೆಯ ಪಾಲು ಗ್ರಾಹಕರದು. ಅಮೆರಿಕದ ಬ್ಯಾಂಕು, ವಿಮಾ ಕಂಪನಿಗಳಲ್ಲಿ ಖರೀದಿ ವಿಭಾಗ ಅಂತ ಒಂದಿರುತ್ತದೆ. ಅವರೂ ರೂಪಾಯಿಯ ದರ ನೋಡುತ್ತಾರೆ. ಕರಾರು ನವೀಕರಿಸುವಾಗ ‘ನಿಮಗೆ ಹೇಗೂ ಜಾಸ್ತಿ ಸಿಗ್ತಿದೆಯಲ್ಲ, ಸ್ವಲ್ಪ ಇಳಿಸಿ’ ಅನ್ನುತ್ತಾರೆ. ಶೇ. 1 ಇಳಿಸಿದರೂ ಒಂದು ಲಕ್ಷ ಡಾಲರ್, 90 ಲಕ್ಷ ರೂಪಾಯಿ ಹೋಯಿತು. ಈಗ ಉಳಿದದ್ದು 90 ಲಕ್ಷ. ಲಾಭದ ಏರಿಕೆ ಶೇ. 18ರಿಂದ ಸುಮಾರು ಶೇ. 5ಕ್ಕೆ ಬಂದು ನಿಂತಿತು.

ಇನ್ನು ಸಂಬಳ. ಮೈಸೂರಿನ 34 ಕೋಟಿ ಖರ್ಚು ಶೇ. 3 ಏರಿದರೆ ಒಂದು ಕೋಟಿ. ಸಂಬಳ ಏರುವುದು ರೂಪಾಯಿ ಬಿದ್ದದ್ದಕ್ಕೇ ಅಲ್ಲ ನಿಜ. ಆದರೆ ರೂಪಾಯಿ ಬಿದ್ದರೆ ಪೆಟ್ರೋಲು, ಅಡುಗೆ ಎಣ್ಣೆ, ಮೊಬೈಲು ದುಬಾರಿಯಾಗುತ್ತವೆ. ಸಂಬಳದ ಒತ್ತಡ ನಿಧಾನಕ್ಕೆ ಅಲ್ಲಿಂದಲೂ ಬರುತ್ತದೆ. ಅದಕ್ಕೇ ರೂಪಾಯಿ ಕುಸಿದ ದಿನ ಐಟಿ ಶೇರು ಏರಿದರೂ ಸಾಮಾನ್ಯವಾಗಿ ಶೇ. 1 ಅಥವಾ 2 ಏರಿ ಸುಮ್ಮನಾಗುತ್ತದೆ. ಕಂಪನಿಗಳು ಪ್ರತಿ ವರ್ಷ ರೂಪಾಯಿ ಸ್ವಲ್ಪ ಇಳಿಯುತ್ತದೆ ಅಂದುಕೊಂಡೇ ಬಜೆಟ್ ಹಾಕಿರುತ್ತವೆ. ಮಾರುಕಟ್ಟೆಯೂ ಅಷ್ಟೇ. ಬೆಲೆ ಅಲ್ಲಾಡುವುದು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಿದ್ದಾಗ.

ಫಾರ್ವರ್ಡ್ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಪತ್ರಿಕೆಗಳಲ್ಲಿ ಇದು ಅಷ್ಟಾಗಿ ಬರುವುದಿಲ್ಲ. ಭಾರತದ ಬಡ್ಡಿ ದರ ಅಮೆರಿಕದ ದರಕ್ಕಿಂತ ಜಾಸ್ತಿ ಇರುವಷ್ಟು ಕಾಲ, ಮುಂದಿನ ತಿಂಗಳುಗಳ ಡಾಲರ್ ದರ ಇವತ್ತಿನ ದರಕ್ಕಿಂತ ಸ್ವಲ್ಪ ಮೇಲಿರುತ್ತದೆ. ಇವತ್ತು 85 ಇದ್ದರೆ ಆರು ತಿಂಗಳ ದರ 86ರ ಹತ್ತಿರ. ಇದರಿಂದ ರಫ್ತುದಾರರಿಗೆ ಫಾರ್ವರ್ಡ್ ಬುಕ್ ಮಾಡಿದರೂ ಮೇಲೊಂದಿಷ್ಟು ಸಿಗುತ್ತದೆ. ಆಮದುದಾರರು ಬುಕ್ ಮಾಡಬೇಕಾದರೆ ಅದೇ ಒಂದು ರೂಪಾಯಿಯನ್ನು ಕೈಯಿಂದ ಕೊಡಬೇಕು. ರಕ್ಷಣೆ ಬೇಕಾದವರಿಗೇ ಅದು ದುಬಾರಿ. ಹೀಗಾಗಿ ರೂಪಾಯಿ ಬಹುಕಾಲ ನೆಟ್ಟಗಿದ್ದಾಗ ಹಲವು ಆಮದುದಾರರು ‘ಸುಮ್ನೆ ಯಾಕೆ ಖರ್ಚು’ ಅಂತ ಬುಕ್ ಮಾಡದೇ ಬಿಡುತ್ತಾರೆ. ದರ ಒಮ್ಮೆಲೇ ಹಾರಿದಾಗ ಇವರೆಲ್ಲ ಒಟ್ಟಿಗೆ ಡಾಲರ್ ಕೊಳ್ಳಲು ಓಡುತ್ತಾರೆ. ಅತ್ತ ರಫ್ತುದಾರರು ಇನ್ನೂ ಏರಲಿ ಅಂತ ಡಾಲರ್ ಮಾರುವುದನ್ನು ತಡ ಮಾಡುತ್ತಾರೆ. ರೂಪಾಯಿ ಇನ್ನಷ್ಟು ಜಾರುವುದಕ್ಕೆ ಇದೂ ಒಂದು ಕಾರಣ.

ಸರಕು ಆಮದು ಮಾಡದಿದ್ದರೂ ಸಾಲ ಇರುತ್ತದೆ

ವಿಮಾನ ಕಂಪನಿಗಳು ಟಿಕೆಟ್ ಮಾರುವುದು ಹೆಚ್ಚಾಗಿ ರೂಪಾಯಿಯಲ್ಲಿ. ವಿಮಾನಗಳನ್ನು ಬಾಡಿಗೆಗೆ ತಂದಿರುವುದು ಡಾಲರಿನಲ್ಲಿ, ಅದೂ ವರ್ಷಗಟ್ಟಲೆಯ ಕರಾರಿಗೆ. ಲೆಕ್ಕಪತ್ರದ ನಿಯಮದ ಪ್ರಕಾರ ಮುಂದೆ ಕೊಡಬೇಕಾದ ಆ ಬಾಡಿಗೆಯನ್ನೆಲ್ಲ ಸಾಲದಂತೆ ತೋರಿಸಬೇಕು. ಪ್ರತಿ ಮೂರು ತಿಂಗಳಿಗೊಮ್ಮೆ ಆ ದಿನದ ಡಾಲರ್ ದರದಲ್ಲಿ ಮತ್ತೆ ಲೆಕ್ಕ ಹಾಕಬೇಕು.

ಇದರ ಪರಿಣಾಮ ಎಷ್ಟು ದೊಡ್ಡದು ಅನ್ನುವುದಕ್ಕೆ ಇಂಡಿಗೊ ಉದಾಹರಣೆ. 2025ರ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಅದು ತೋರಿಸಿದ ನಷ್ಟ 2,582 ಕೋಟಿ ರೂಪಾಯಿ. ಡಾಲರ್ ದರದ ಪರಿಣಾಮ ಬಿಟ್ಟು ನೋಡಿದರೆ ಅದೇ ತ್ರೈಮಾಸಿಕದಲ್ಲಿ 104 ಕೋಟಿ ಲಾಭ. ಆ ಮೂರು ತಿಂಗಳಲ್ಲಿ ಅಷ್ಟೂ ಹಣ ಕೈಬಿಟ್ಟು ಹೋಗಿಲ್ಲ. ಮುಂದಿನ ವರ್ಷಗಳ ಬಾಡಿಗೆ ದುಬಾರಿಯಾಗಿದ್ದನ್ನು ಇವತ್ತೇ ಬರೆದುಕೊಂಡಿದ್ದು ಅದು. ಹಾಗಂತ ಸುಳ್ಳು ನಷ್ಟವೂ ಅಲ್ಲ, ರೂಪಾಯಿ ಹಿಂದಕ್ಕೆ ಬರದಿದ್ದರೆ ಆ ಹಣವನ್ನು ಕೊಡಲೇಬೇಕು.

ರೂಪಾಯಿ ಯಾಕೆ ಬಿತ್ತು ಅನ್ನುವುದೇ ಮುಖ್ಯ

ಹಳೆಯ ಇತಿಹಾಸ ತೆಗೆದು ನೋಡಿದರೆ ರೂಪಾಯಿಗೂ ಐಟಿ ಶೇರಿಗೂ ಇರುವ ಈ ಸಂಬಂಧ ಒಮ್ಮೆ ಕೆಲಸ ಮಾಡಿದೆ, ಇನ್ನೊಮ್ಮೆ ಕೈಕೊಟ್ಟಿದೆ.

2007ರಲ್ಲಿ ಉಲ್ಟಾ ಪರೀಕ್ಷೆ ನಡೆಯಿತು. ವಿದೇಶಿ ಹಣ ಹರಿದು ಬಂದು ರೂಪಾಯಿ ಬಲವಾಯಿತು, ಡಾಲರ್ 40 ರೂಪಾಯಿಗಿಂತ ಕೆಳಗಿಳಿಯಿತು. ಸೆನ್ಸೆಕ್ಸ್ 20,000 ಮುಟ್ಟಿದ ವರ್ಷ ಅದು. ಆ ಸಂಭ್ರಮದಲ್ಲೂ ಇನ್ಫೋಸಿಸ್ ಶೇರು ವರ್ಷದ ಕೊನೆಗೆ ಇಳಿದಿತ್ತು. 2013ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಹಣ ಸುರಿಯುವುದನ್ನು ಕಡಿಮೆ ಮಾಡುವ ಸೂಚನೆ ಕೊಟ್ಟಿತು. ವಿದೇಶಿ ಹೂಡಿಕೆದಾರರು ಇಲ್ಲಿಂದ ಹಣ ಎತ್ತಿದರು. ಮೇ ತಿಂಗಳಲ್ಲಿ 55ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತು. ಆ ವರ್ಷ ಐಟಿ ಸೂಚ್ಯಂಕ ಅರ್ಧಕ್ಕಿಂತ ಜಾಸ್ತಿ ಏರಿತು. ಏಕೆಂದರೆ ತೊಂದರೆ ಇದ್ದದ್ದು ನಮ್ಮ ಕಡೆ. ಅಮೆರಿಕದ ಆರ್ಥಿಕತೆ ಚೇತರಿಸಿಕೊಳ್ಳುತ್ತಿತ್ತು, ಅಲ್ಲಿನ ಗ್ರಾಹಕರ ಬಳಿ ಕೆಲಸವೂ ಇತ್ತು, ದುಡ್ಡೂ ಇತ್ತು.

2008ರ ಕೊನೆ ಮತ್ತು 2020ರ ಮಾರ್ಚ್ ಬೇರೆ ಕಥೆ. ಎರಡೂ ಸಲ ರೂಪಾಯಿ ಜೋರಾಗಿ ಬಿತ್ತು, ಐಟಿ ಶೇರುಗಳೂ ಜೊತೆಗೇ ಬಿದ್ದವು. ಇಡೀ ಜಗತ್ತೇ ಹೆದರಿ ಡಾಲರ್ ಹಿಡಿದುಕೊಂಡಿದ್ದರಿಂದ ರೂಪಾಯಿ ಸೋತಿತ್ತು. ಗ್ರಾಹಕರೇ ಖರ್ಚು ನಿಲ್ಲಿಸಿದಾಗ ಪ್ರತಿ ಡಾಲರ್‌ಗೆ ನಾಲ್ಕು ರೂಪಾಯಿ ಜಾಸ್ತಿ ಸಿಕ್ಕಿ ಏನು ಪ್ರಯೋಜನ?

2025 ಈ ಎರಡರ ನಡುವಿನದು. ರೂಪಾಯಿ ಸೊರಗಿದ್ದಕ್ಕೆ ವಿದೇಶಿ ಹೂಡಿಕೆದಾರರು ಮಾರಿಕೊಂಡು ಹೋದದ್ದು ಒಂದು ಕಾರಣ. ಅಮೆರಿಕ ಆಗಸ್ಟ್ ಕೊನೆಯಲ್ಲಿ ಭಾರತದ ಹಲವು ಸರಕುಗಳ ಮೇಲೆ ಶೇ. 50 ಸುಂಕ ಹಾಕಿದ್ದು ಇನ್ನೊಂದು. ಸೆಪ್ಟೆಂಬರಿನಲ್ಲಿ ಅಮೆರಿಕದ ಕೆಲಸದ ವೀಸಾ ಎಚ್-1ಬಿಯ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಬಂತು. ಗ್ರಾಹಕರು ಹೊಸ ಪ್ರಾಜೆಕ್ಟ್ ಕೊಡುವುದಕ್ಕೆ ಹಿಂದೆಮುಂದೆ ನೋಡುತ್ತಿದ್ದರು. ರೂಪಾಯಿಯಿಂದ ಬಂದ ಲಾಭ ಇತ್ತು, ಆದರೆ ಅದನ್ನು ಮುಚ್ಚಿಹಾಕುವಷ್ಟು ಚಿಂತೆಯೂ ಇತ್ತು. ಸುಂಕದ ಏಟು ನೇರವಾಗಿ ಬಿದ್ದದ್ದು ಗಾರ್ಮೆಂಟ್ಸ್‌ನಂಥ ಸರಕು ರಫ್ತಿನ ಮೇಲೆ. ಮದ್ದೂರು, ಮಂಡ್ಯ ಕಡೆಯಿಂದ ಸಾವಿರಾರು ಹೆಣ್ಣುಮಕ್ಕಳು ಇಂಥ ಕೆಲಸಕ್ಕೆ ಹೋಗುತ್ತಾರೆ. ರೂಪಾಯಿ ಕೊಟ್ಟ ಐದಾರು ಪರ್ಸೆಂಟ್ ಅನುಕೂಲ ಐವತ್ತು ಪರ್ಸೆಂಟ್ ಸುಂಕದ ಮುಂದೆ ಯಾವ ಮೂಲೆಗೂ ಸಾಲಲಿಲ್ಲ.

ರಫ್ತುದಾರರೇ ಆಮದುದಾರರೂ ಆದಾಗ

ಮೈಸೂರಿನ ಅಗರಬತ್ತಿಯನ್ನು ನೋಡಿ. ಇಲ್ಲಿಂದ ಹೊರದೇಶಕ್ಕೆ ಹೋಗುತ್ತದೆ, ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ಅಗರಬತ್ತಿಯ ಬಿದಿರು ಕಡ್ಡಿ, ಅಂಟಿಗೆ ಬೇಕಾದ ಜಿಗಟು ಪುಡಿಗೆ ಉದ್ಯಮ ಬಹುಕಾಲ ವಿಯೆಟ್ನಾಂ, ಚೀನಾದ ಕಡೆ ನೋಡಿದೆ. ಸರ್ಕಾರ 2019ರಲ್ಲಿ ಆಮದಿಗೆ ಕಡಿವಾಣ ಹಾಕಿ, 2020ರಲ್ಲಿ ಬಿದಿರು ಕಡ್ಡಿಯ ಸುಂಕವನ್ನು ಶೇ. 25ಕ್ಕೆ ಏರಿಸಿದ್ದು ಇದೇ ಕಾರಣಕ್ಕೆ. ಕಡ್ಡಿ ಇಲ್ಲೇ ಕೊಂಡವರಿಗೆ ರೂಪಾಯಿ ಕುಸಿತದ ಲಾಭ ಪೂರ್ತಿ. ಹೊರಗಿನಿಂದ ತರಿಸುವವರಿಗೆ ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಗುತ್ತದೆ. ಔಷಧಿ ಕಂಪನಿಗಳದ್ದೂ ಹೆಚ್ಚುಕಡಿಮೆ ಇದೇ ಪಾಡು, ಅವುಗಳ ಕಚ್ಚಾ ಮಾಲಿನ ದೊಡ್ಡ ಪಾಲು ಚೀನಾದಿಂದ ಬರುತ್ತದೆ.

ಮಂಡ್ಯದ ಸಕ್ಕರೆಗೆ ಬೇರೆ ತೊಡಕು. ಸಕ್ಕರೆ ಕಂಪನಿಗಳು ಡಾಲರ್ ಏರಿತು ಅಂತ ಬೇಕಾದಷ್ಟು ರಫ್ತು ಮಾಡುವ ಹಾಗಿಲ್ಲ, ಕೇಂದ್ರ ಸರ್ಕಾರ ಎಷ್ಟು ಬಿಡುತ್ತದೋ ಅಷ್ಟೇ. 2024–25ರ ಹಂಗಾಮಿಗೆ ಇಡೀ ದೇಶಕ್ಕೆ ಸಿಕ್ಕ ಅನುಮತಿ 10 ಲಕ್ಷ ಟನ್, 2025–26ಕ್ಕೆ ಮೊದಲು ಸಿಕ್ಕಿದ್ದು 15 ಲಕ್ಷ ಟನ್. ಜಾಗತಿಕ ಬೆಲೆ ದೇಶದೊಳಗಿನ ಬೆಲೆಗಿಂತ ಕೆಳಗಿದ್ದರೆ ಆ ಅನುಮತಿಯೂ ಹೆಸರಿಗಷ್ಟೇ. ಅತ್ತ ಕಬ್ಬಿಗೆ ಹಾಕುವ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದಲೇ ಬರಬೇಕು. ರೂಪಾಯಿ ಬಿದ್ದಾಗ ಅದರ ಭಾರವನ್ನು ಸರ್ಕಾರದ ಸಬ್ಸಿಡಿ ಹೊರಬೇಕು, ಇಲ್ಲವೇ ರೈತ ಹೊರಬೇಕು.

ಹಾಗಾದರೆ ರೂಪಾಯಿ ಬೀಳುವುದು ಒಳ್ಳೆಯದಾ?

ಇಲ್ಲಿ ಎರಡು ಪಾಳಯ ಇದೆ. ಒಂದು ಪಾಳಯ ಹೇಳುವುದು: ನಮ್ಮಲ್ಲಿ ಬೆಲೆ ಏರಿಕೆ ಅಮೆರಿಕಕ್ಕಿಂತ ಜಾಸ್ತಿ ಇದ್ದ ಕಾಲವೇ ಹೆಚ್ಚು, ಹಾಗಾಗಿ ರೂಪಾಯಿ ನಿಧಾನಕ್ಕೆ ಇಳಿಯುವುದು ಸಹಜ. ಹಿಡಿದು ನಿಲ್ಲಿಸಿದರೆ ನಮ್ಮ ಸರಕು ದುಬಾರಿಯಾಗಿ ರಫ್ತು ಸಾಯುತ್ತದೆ. ಡಾಲರ್ 90 ದಾಟಿದಾಗ ಕೇಂದ್ರದ ಮುಖ್ಯ ಆರ್ಥಿಕ ಸಲಹೆಗಾರ ಅನಂತ ನಾಗೇಶ್ವರನ್ ಅವರೂ ತಾವು ಇದಕ್ಕಾಗಿ ನಿದ್ದೆ ಕೆಡಿಸಿಕೊಂಡಿಲ್ಲ ಎಂಬರ್ಥದ ಮಾತು ಹೇಳಿದ್ದರು. ಇನ್ನೊಂದು ಪಾಳಯದ ಪ್ರಕಾರ, ಭಾರತ ಕೊಳ್ಳುವ ಸರಕು ಮಾರುವ ಸರಕಿಗಿಂತ ಜಾಸ್ತಿ. ರಫ್ತಾಗುವ ಸರಕಿನ ಒಳಗೂ ಆಮದಿನ ಮಾಲಿದೆ. ಪೈಪೋಟಿಯ ದೇಶಗಳ ಹಣವೂ ಇಳಿದರೆ ನಮಗೆ ಸಿಗುವ ಅನುಕೂಲ ಅಷ್ಟಕ್ಕಷ್ಟೇ.

ಎರಡರಲ್ಲೂ ಹುರುಳಿದೆ. ಆದರೆ ಶೇರಿನ ಮಟ್ಟಿಗೆ ಇಳಿಕೆಗಿಂತ ಇಳಿಯುವ ವೇಗ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ವರ್ಷಕ್ಕೆ ಎರಡು ಮೂರು ಪರ್ಸೆಂಟ್ ಇಳಿದರೆ ಎರಡೂ ಕಡೆಯವರು ಮೊದಲೇ ಲೆಕ್ಕ ಹಾಕಿಕೊಂಡಿರುತ್ತಾರೆ. ತಿಂಗಳಲ್ಲಿ ಅಷ್ಟು ಬಿದ್ದರೆ ಲೆಕ್ಕ ತಪ್ಪುತ್ತದೆ, ಆಮದುದಾರರದ್ದು ಮೊದಲು ತಪ್ಪುತ್ತದೆ. ರಿಸರ್ವ್ ಬ್ಯಾಂಕು ಇಂತಿಷ್ಟೇ ದರ ಇರಬೇಕು ಅಂತ ಹಟ ಹಿಡಿಯದೆ, ವಿಪರೀತ ಏರಿಳಿತ ಆದಾಗ ಮಾತ್ರ ಡಾಲರ್ ಮಾರಲು ಇಳಿಯುತ್ತೇನೆ ಅನ್ನುವುದೂ ಇದಕ್ಕೇ.

ಫಲಿತಾಂಶದಲ್ಲಿ ಎಲ್ಲಿ ನೋಡಬೇಕು

ಐಟಿ ಕಂಪನಿಯ ಬೆಳವಣಿಗೆಯಲ್ಲಿ ರೂಪಾಯಿಯ ಪಾಲು ಎಷ್ಟು ಅನ್ನುವುದನ್ನು ಬೇರ್ಪಡಿಸುವುದು ಕಷ್ಟವಲ್ಲ. ಇನ್ಫೋಸಿಸ್ 2024–25ರ ಆದಾಯದ ಬೆಳವಣಿಗೆಯನ್ನು ಮೂರು ರೀತಿ ಹೇಳಿತು. ರೂಪಾಯಿಯಲ್ಲಿ ಶೇ. 6.1. ಡಾಲರಿನಲ್ಲಿ ಶೇ. 3.9. ಎಲ್ಲ ದೇಶಗಳ ಹಣದ ದರ ಬದಲಾಗಿಲ್ಲ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ ಶೇ. 4.2. ಈ ಮೂರನೆಯದಕ್ಕೆ ಕಾನ್‌ಸ್ಟಂಟ್ ಕರೆನ್ಸಿ ಅನ್ನುತ್ತಾರೆ. ಕಂಪನಿ ನಿಜವಾಗಿ ಎಷ್ಟು ಜಾಸ್ತಿ ಕೆಲಸ ಮಾಡಿತು ಅನ್ನುವುದಕ್ಕೆ ಇದೇ ಹತ್ತಿರದ ಅಳತೆ. 6.1ಕ್ಕೂ 3.9ಕ್ಕೂ ನಡುವಿನ ಅಂತರ ಪೂರ್ತಿ ಡಾಲರ್–ರೂಪಾಯಿ ದರದಿಂದ ಬಂದದ್ದು. ಬಲ್ಲವರು ರೂಪಾಯಿಯ ಅಂಕಿಯನ್ನು ಪಕ್ಕಕ್ಕಿಟ್ಟು ಮೊದಲು ಕಾನ್‌ಸ್ಟಂಟ್ ಕರೆನ್ಸಿ ನೋಡುವುದು ಇದಕ್ಕೇ.

ಮಾರ್ಜಿನ್ ಏರಿದ್ದರೆ ಯಾಕೆ ಏರಿತು ಅನ್ನುವುದನ್ನು ಫಲಿತಾಂಶದ ದಿನದ ಮಾತುಕತೆಯಲ್ಲಿ ಹಣಕಾಸು ಮುಖ್ಯಸ್ಥರು ಬಿಡಿಸಿ ಹೇಳುತ್ತಾರೆ: ಇಷ್ಟು ರೂಪಾಯಿಯಿಂದ, ಇಷ್ಟು ಖರ್ಚು ಉಳಿತಾಯದಿಂದ, ಇಷ್ಟು ಸಂಬಳ ಏರಿಕೆಯಲ್ಲಿ ಹೋಯಿತು ಅಂತ. ಏರಿದ್ದೆಲ್ಲ ರೂಪಾಯಿಯಿಂದಲೇ ಬಂದಿದ್ದು, ಕಾನ್‌ಸ್ಟಂಟ್ ಕರೆನ್ಸಿ ಬೆಳವಣಿಗೆ ಸೊನ್ನೆಯ ಹತ್ತಿರ ಇದ್ದರೆ, ಅಂಥ ಕಂಪನಿಯ ಶೇರು ಒಳ್ಳೆಯ ಫಲಿತಾಂಶದ ಮರುದಿನವೇ ಬೀಳಬಹುದು. ಆಮದು ಕಂಪನಿಗಳಲ್ಲಿ ನೋಡಬೇಕಾದದ್ದು ವಾರ್ಷಿಕ ವರದಿಯ ಹಿಂಭಾಗದ ಟಿಪ್ಪಣಿ. ಎಷ್ಟು ಡಾಲರ್ ಕೊಡಬೇಕಾಗಿದೆ, ಅದರಲ್ಲಿ ಎಷ್ಟಕ್ಕೆ ಹೆಡ್ಜ್, ಅಂದರೆ ಫಾರ್ವರ್ಡ್‌ನಂಥ ರಕ್ಷಣೆ, ಇಲ್ಲ ಅನ್ನುವ ಪಟ್ಟಿ ಅಲ್ಲಿರುತ್ತದೆ. ಡಾಲರ್ ಶೇ. 5 ಏರಿದರೆ ಲಾಭ ಎಷ್ಟು ಕಡಿಮೆಯಾಗುತ್ತದೆ ಎಂಬಂಥ ಅಂದಾಜನ್ನೂ ಸಾಮಾನ್ಯವಾಗಿ ಅಲ್ಲೇ ಕೊಟ್ಟಿರುತ್ತಾರೆ.